ಸಿಂಗಲ್ ಸ್ಲಿಟ್‌ನಲ್ಲಿ ನಡುವಿನ ಬೆಳಕಿನ ಪಟ್ಟಿ ಲೆಕ್ಕದ ಎರಡು ಪಟ್ಟು ಯಾಕೆ?

ಪ್ರಶ್ನೆ: ಕಲಬುರಗ್ಯಾಗ ಬಿ.ಎಸ್ಸಿ ಓದ್ಲಾಕತ್ತೀನಿ. ಕೆಂಪು ಲೇಸರ್ 650 ನ್ಯಾನೋಮೀಟರ್, ಸ್ಲಿಟ್ 0.1 ಮಿ.ಮೀ., ಗೋಡೆ 2 ಮೀಟರ್ ದೂರ. λD/a ಹಾಕಿದ್ರ 13 ಮಿ.ಮೀ. ಬರ್ತದ, ಆದ್ರ ನಡುವಿನ ಬೆಳಕು ಅಳದ್ರ 24 ಮಿ.ಮೀ. ಅದ. ಇನ್ನೊಂದು, ಡಬಲ್ ಸ್ಲಿಟ್‌ದಾಗ mλ ಅಂದ್ರ ಬೆಳಕು, ಇಲ್ಲಿ ಕತ್ತಲ ಹ್ಯಾಂಗ?

ಉತ್ತರ: ಎರಡನೇ ಡೌಟನ್ನು ಮೊದಲು ಬಿಡಿಸಿಕೊಳ್ಳಿ, ಮೊದಲನೆಯದಕ್ಕೂ ಉತ್ತರ ಅದರೊಳಗೇ ಇದೆ.

ಡಬಲ್ ಸ್ಲಿಟ್‌ನಲ್ಲಿ d sin θ ಅನ್ನುವುದು ಎರಡೇ ಅಲೆಗಳ ನಡುವಿನ ಪಥಾಂತರ. ಅದು λ ಆದರೆ ಎರಡೂ ಕೂಡಿಕೊಳ್ಳುತ್ತವೆ, ಬೆಳಕು. ಸಿಂಗಲ್ ಸ್ಲಿಟ್‌ನಲ್ಲಿ a sin θ ಬರೀ ಎರಡು ಅಂಚುಗಳ ನಡುವಿನ ಪಥಾಂತರ. ಬೆಳಕು ಬರುವುದು ಅಂಚುಗಳಿಂದಷ್ಟೇ ಅಲ್ಲ, ಇಡೀ ಅಗಲದಿಂದ. ಅಂಚುಗಳ ನಡುವೆ λ ವ್ಯತ್ಯಾಸ ಇದ್ದರೆ, ಮೇಲಿನ ಅಂಚಿಗೂ ಸ್ಲಿಟ್‌ನ ನಟ್ಟನಡುವಿಗೂ λ/2 ವ್ಯತ್ಯಾಸ. ಆ ಎರಡು ಬಿಂದುಗಳ ಅಲೆಗಳು ಒಂದನ್ನೊಂದು ಕಳೆದುಹಾಕುತ್ತವೆ. ಮೇಲಿನ ಅಂಚಿನಿಂದ ಒಂದು ಕೂದಲೆಳೆ ಕೆಳಗಿನ ಬಿಂದುವಿಗೆ ನಡುವಿನಿಂದ ಅಷ್ಟೇ ಕೆಳಗಿನ ಬಿಂದು ಜೋಡಿ. ಹೀಗೆ ಮೇಲಿನ ಅರ್ಧ ಪೂರ್ತಿ ಕೆಳಗಿನ ಅರ್ಧದೊಂದಿಗೆ ವಜಾ ಆಗುತ್ತದೆ, ಒಂದೂ ಉಳಿಯುವುದಿಲ್ಲ. ಅಂಚುಗಳ ವ್ಯತ್ಯಾಸ 2λ ಆದಾಗ ಸ್ಲಿಟ್ ಅನ್ನು ನಾಲ್ಕು ಭಾಗ ಮಾಡಿ, ಪಕ್ಕಪಕ್ಕದ ಭಾಗಗಳನ್ನು ಇದೇ ರೀತಿ ಜೋಡಿಸಿದರೆ ಮತ್ತೆ ಕತ್ತಲು. ಆದ್ದರಿಂದ ಕತ್ತಲ ಪಟ್ಟಿಗಳಿಗೆ

a sin θ = mλ,  m = ±1, ±2, ±3 …

ಈ ಸಾಲಿನಲ್ಲಿ m = 0 ಇಲ್ಲ. ನೇರ ದಿಕ್ಕಿನಲ್ಲಿ ಪಥಾಂತರವೇ ಇಲ್ಲದ್ದರಿಂದ ಎಲ್ಲ ಅಲೆಗಳೂ ಕೂಡಿ, ಅಲ್ಲಿ ಅತಿ ಹೆಚ್ಚು ಬೆಳಕು. ಕತ್ತಲ ಪಟ್ಟಿಗಳು ಗೋಡೆಯ ಮೇಲೆ λD/a ಅಂತರಕ್ಕೊಂದು ಬೀಳುತ್ತವೆ, ಸೊನ್ನೆಯ ಜಾಗದಲ್ಲಿ ಮಾತ್ರ ಒಂದು ಬಿಟ್ಟುಹೋಗಿದೆ. ನಡುವಿನ ಬೆಳಕು −1ರಿಂದ +1ರವರೆಗೆ ಹರಡುವುದರಿಂದ ಅದರ ಅಗಲ 2λD/a, ನಿಮ್ಮ ಲೆಕ್ಕದಲ್ಲಿ 26 ಮಿ.ಮೀ. ನೀವು ತೆಗೆದ 13 ಮಿ.ಮೀ. ನಡುಮಧ್ಯದಿಂದ ಮೊದಲ ಕತ್ತಲಿಗಿರುವ ದೂರ; ಅಕ್ಕಪಕ್ಕದ ಸಣ್ಣ ಬೆಳಕಿನ ಪಟ್ಟಿಗಳ ಅಗಲವೂ ಅಷ್ಟೇ. ಪರೀಕ್ಷೆಯಲ್ಲಿ ಅಂಕ ಹೋಗುವುದೂ ಸಾಮಾನ್ಯವಾಗಿ ಈ 2ರಿಂದಲೇ.

ಇನ್ನು 26ರ ಜಾಗದಲ್ಲಿ 24 ಯಾಕೆ? ನಡುವಿನ ಪಟ್ಟಿಗೆ ಗೆರೆ ಎಳೆದಂಥ ಅಂಚು ಇಲ್ಲ. ಮಧ್ಯದಿಂದ 12 ಮಿ.ಮೀ. ದೂರದಲ್ಲೇ ಬೆಳಕು ನಡುಮಧ್ಯದ ಶೇ. 1ಕ್ಕಿಂತ ಕಡಿಮೆ ಆಗಿರುತ್ತದೆ, ಕಣ್ಣು ಅದನ್ನು ಕತ್ತಲು ಅಂದುಕೊಂಡುಬಿಡುತ್ತದೆ. ಬೆಳಕು ಎಲ್ಲಿ ಮುಗಿಯಿತು ಅಂತ ಹುಡುಕಬೇಡಿ. ನಡುವಿನ ಬೆಳಕಿಗೂ ಪಕ್ಕದ ಪಟ್ಟಿಗೂ ನಡುವಿನ ಕತ್ತಲಿನ ಮಧ್ಯಭಾಗವನ್ನು ಗುರುತು ಮಾಡಿ.

ಅದಕ್ಕಿಂತ ಒಳ್ಳೆಯದು ದೂರದ ಕತ್ತಲುಗಳನ್ನು ಅಳೆಯುವುದು. ಗೋಡೆಗೆ ಬಿಳಿ ಹಾಳೆ ಅಂಟಿಸಿ, ಎರಡೂ ಕಡೆ ಮೂರನೇ ಕತ್ತಲಿನ ಮಧ್ಯಕ್ಕೆ ಚೂಪಾದ ಪೆನ್ಸಿಲ್‌ನಿಂದ ಗೆರೆ ಹಾಕಿ, ಲೇಸರ್ ಆರಿಸಿ, ಆಮೇಲೆ ಸ್ಕೇಲ್ ಇಡಿ. −3ರಿಂದ +3ಕ್ಕೆ ಆರು ಅಂತರ, ಅಂದರೆ 78 ಮಿ.ಮೀ. ಬರಬೇಕು. 77 ಬಂತು ಅನ್ನಿ: ಒಂದು ಅಂತರ 12.83 ಮಿ.ಮೀ., ನಡುವಿನ ಪಟ್ಟಿ 25.7 ಮಿ.ಮೀ., ಸ್ಲಿಟ್ ಅಗಲ λD ÷ 12.83 ಮಿ.ಮೀ. = 0.101 ಮಿ.ಮೀ. ಗುರುತಿಸುವುದರಲ್ಲಿ ಒಂದು ಮಿ.ಮೀ. ತಪ್ಪಿದರೂ ಅದು ಆರು ಭಾಗವಾಗಿ ಹಂಚಿಹೋಗುತ್ತದೆ. ಮೂರನೇ ಕತ್ತಲಿನ ಆಚೀಚೆ ಬೆಳಕು ಬಹಳ ಮಂದ, ಹಾಗಾಗಿ ಕೋಣೆ ಕತ್ತಲಾಗಿರಬೇಕು. ಕಲಬುರಗಿಯ ಮಧ್ಯಾಹ್ನದ ಬಿಸಿಲಿಗೆ ಕಿಟಕಿಗೆ ಒಂದು ತೆಳು ಪರದೆ ಸಾಲದು, ಸಂಜೆ ಮೇಲೆ ಮಾಡಿ.

ಎರಡು ಬ್ಲೇಡ್ ಅಂಟಿಸಿ ಮಾಡಿದ ಸ್ಲಿಟ್ ಆಗಿದ್ದರೆ ಇನ್ನೊಂದು ಪರೀಕ್ಷೆ ಬೇಕು. ಲೇಸರ್ ಅಲುಗಿಸದೆ ಸ್ಲಿಟ್ ಅನ್ನು ಅದರ ಉದ್ದಕ್ಕೇ ನಿಧಾನವಾಗಿ ಮೇಲೆ ಕೆಳಗೆ ಸರಿಸಿ. ಪಟ್ಟಿಗಳ ಅಂತರ ಹಿಗ್ಗುತ್ತ ಕುಗ್ಗುತ್ತ ಹೋದರೆ ಬ್ಲೇಡ್‌ಗಳು ಸಮಾನಾಂತರವಾಗಿಲ್ಲ ಅಂತ ಅರ್ಥ. ಸ್ಲಿಟ್ ಕಿರಿದಾದ ಕಡೆ ಪಟ್ಟಿ ಅಗಲವಾಗುತ್ತದೆ. ಆಗ 0.1 ಅನ್ನುವ ಒಂದೇ ಅಳತೆಗೆ ಬೆಲೆಯಿಲ್ಲ, ಬಿಚ್ಚಿ ಮತ್ತೆ ಅಂಟಿಸಿ. D ಅಳೆಯುವಾಗ ಟೇಪ್ ಸ್ಲಿಟ್‌ನಿಂದ ಶುರುವಾಗಲಿ, ಲೇಸರ್‌ನಿಂದ ಅಲ್ಲ.

ಈ ಸೂತ್ರ ಎಲ್ಲ ಸ್ಲಿಟ್‌ಗೂ ನಡೆಯುವುದಿಲ್ಲ. D, a²/λಗಿಂತ ಬಹಳ ದೊಡ್ಡದಿರಬೇಕು. ನಿಮ್ಮ ಸ್ಲಿಟ್‌ಗೆ ಅದು 15 ಮಿ.ಮೀ. ಅಷ್ಟೇ, ತೊಂದರೆಯಿಲ್ಲ. ಸ್ಲಿಟ್ 1 ಮಿ.ಮೀ. ಇದ್ದಿದ್ದರೆ 1.5 ಮೀಟರ್ ದಾಟುತ್ತಿತ್ತು, 2 ಮೀಟರ್ ದೂರದ ಗೋಡೆಯ ಮೇಲೆ ಕತ್ತಲ ಪಟ್ಟಿಗಳು ಪೂರ್ತಿ ಕಪ್ಪಾಗದೆ ಮಸುಕಾಗಿಯೇ ಉಳಿಯುತ್ತಿದ್ದವು.