ಯುಟಿಲೈಸೇಶನ್ ಏರಿದೆ, ಆದರೂ ತಲಾ ಆದಾಯ ಇಳಿದಿದೆ: ಕೆಪಿಐ ಟ್ರೀ ಎಲ್ಲಿ ಒಡೆಯಬೇಕು?

ಪ್ರಶ್ನೆ: ನಮ್ಮದು ಕಟ್ಟಡಗಳ ಡಿಸೈನ್ ಮಾಡುವ ಎಂಜಿನಿಯರಿಂಗ್ ಕನ್ಸಲ್ಟೆನ್ಸಿ. ಹೋದ ವರ್ಷ 60 ಜನ, 10.72 ಕೋಟಿ ಆದಾಯ. ಈ ವರ್ಷ ಸರಾಸರಿ 68 ಜನ, 10.58 ಕೋಟಿ. ಯುಟಿಲೈಸೇಶನ್ ಮಾತ್ರ 66ರಿಂದ 72 ಪರ್ಸೆಂಟಿಗೆ ಏರಿದೆ. ಎಲ್ಲರೂ ಹೆಚ್ಚು ದುಡಿದಿದ್ದಾರೆ ಅಂತ ಕಾಣುತ್ತೆ, ಆದರೆ ತಲಾ ಆದಾಯ ಇಳಿದಿದೆ. ಎಂಡಿಯವರು ಕೆಪಿಐ ಟ್ರೀ ಮಾಡಿ ಕಾರಣ ತೋರಿಸಿ ಅಂತಿದ್ದಾರೆ. ಹೇಗೆ ಒಡೆಯೋದು?

ಉತ್ತರ:

ನಾನು ಇಂಥದ್ದೇ ಒಂದು ಡಿಸೈನ್ ಸಂಸ್ಥೆಯಲ್ಲಿ ಫೈನಾನ್ಸ್ ನೋಡಿಕೊಳ್ಳುತ್ತೇನೆ. ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಹೇಳುತ್ತೇನೆ. ನೀವು ಕೊಡದಿರುವ ಮೂರನ್ನು ಮಾತ್ರ ನಾನು ಊಹಿಸಿಕೊಂಡಿದ್ದೇನೆ, ಅಲ್ಲಿ ನಿಮ್ಮ ನಿಜವಾದ ಅಂಕಿ ಹಾಕಿಕೊಳ್ಳಿ.

ಮೊದಲು ಅಂಶ ಮತ್ತು ಛೇದ ಎರಡನ್ನೂ ಶುದ್ಧ ಮಾಡಿ. ಆದಾಯದಲ್ಲಿ ಜಿಎಸ್‌ಟಿ ಇರಬಾರದು. ಮಣ್ಣು ಪರೀಕ್ಷೆಯವರಿಗೋ ಹೊರಗಿನ ಡ್ರಾಫ್ಟಿಂಗ್ ಏಜೆನ್ಸಿಗೋ ಕೊಟ್ಟು ಕ್ಲೈಂಟ್‌ನಿಂದ ಹಾಗೇ ವಸೂಲಿ ಮಾಡಿದ ದುಡ್ಡನ್ನೂ ಕಳೆಯಿರಿ. ಅದು ಮೇಲೆ ಸೇರಿ, ಆ ಕೆಲಸ ಮಾಡಿದವರು ಕೆಳಗೆ ತಲೆ ಎಣಿಕೆಯಲ್ಲಿ ಸೇರದಿದ್ದರೆ ತಲಾ ಆದಾಯ ಸುಮ್ಮನೆ ಉಬ್ಬುತ್ತದೆ. ತಲೆ ಎಣಿಕೆಗೆ ಮಾರ್ಚ್ 31ರ ಸಂಖ್ಯೆ ಬೇಡ, ಹನ್ನೆರಡು ತಿಂಗಳ ಸರಾಸರಿ ತೆಗೆದುಕೊಳ್ಳಿ. ನೀವು ಸರಾಸರಿಯನ್ನೇ ಕೊಟ್ಟಿದ್ದೀರಿ, ಒಳ್ಳೆಯದು.

ಇನ್ನು ಮರ. ಎಲ್ಲ ಕೊಂಬೆಗಳನ್ನೂ ಗುಣಿಸಿದರೆ ಮೇಲಿನ ಅಂಕಿ ಪೈಸೆಗೆ ಪೈಸೆ ಬರಬೇಕು. ಬರದಿದ್ದರೆ ಅದು ಟ್ರೀ ಅಲ್ಲ, ಬರೀ ಪಟ್ಟಿ.

```
ತಲಾ ಆದಾಯ = ಬಿಲ್ಲಬಲ್ ಜನರ ಪಾಲು
         × ಒಬ್ಬರಿಗೆ ಲಭ್ಯ ಗಂಟೆ
         × ಯುಟಿಲೈಸೇಶನ್
         × ಸ್ಟ್ಯಾಂಡರ್ಡ್ ದರ
         × ರಿಯಲೈಸೇಶನ್
```

ಬಿಲ್ಲಬಲ್ ಅಂದರೆ ಪ್ರಾಜೆಕ್ಟ್ ಕೆಲಸಕ್ಕೆಂದೇ ಇರುವವರು. ಅಕೌಂಟ್ಸ್, ಎಚ್‌ಆರ್, ಟೆಂಡರ್ ಹಾಕುವವರು ಇದರಲ್ಲಿಲ್ಲ. ಯುಟಿಲೈಸೇಶನ್ ಅಂದರೆ ಇವರ ಲಭ್ಯ ಗಂಟೆಗಳಲ್ಲಿ ಪ್ರಾಜೆಕ್ಟಿಗೆ ಬರೆದದ್ದರ ಪಾಲು. ಹೋದ ವರ್ಷ 60ರಲ್ಲಿ 48 ಜನ, ಈ ವರ್ಷ 68ರಲ್ಲಿ 51 ಜನ ಅಂದುಕೊಳ್ಳೋಣ. ಅಂದರೆ ಪಾಲು 0.80 ಇದ್ದದ್ದು 0.75 ಆಯಿತು. ವಾರಕ್ಕೆ 40 ಗಂಟೆಯಂತೆ ಲೆಕ್ಕ ಹಾಕಿ ರಜೆಗಳನ್ನೆಲ್ಲ ಕಳೆದರೆ ಒಬ್ಬರಿಗೆ ವರ್ಷಕ್ಕೆ ಸುಮಾರು 1,800 ಗಂಟೆ ಉಳಿಯುತ್ತದೆ. ಸರಾಸರಿ ಸ್ಟ್ಯಾಂಡರ್ಡ್ ದರ ಎರಡೂ ವರ್ಷ ಗಂಟೆಗೆ 2,000 ರೂಪಾಯಿ ಇರಲಿ.

ರಿಯಲೈಸೇಶನ್ ಊಹಿಸಬೇಕಾಗಿಲ್ಲ, ತಾನಾಗಿಯೇ ಹೊರಬರುತ್ತದೆ. ಪ್ರಾಜೆಕ್ಟಿಗೆ ಬರೆದ ಗಂಟೆಗಳಿಗೆಲ್ಲ ಸ್ಟ್ಯಾಂಡರ್ಡ್ ದರ ಕಟ್ಟಿದರೆ ಎಷ್ಟಾಗಬೇಕಿತ್ತೋ, ಅದರಲ್ಲಿ ನಿಜಕ್ಕೂ ಆದಾಯವಾಗಿ ಬಂದದ್ದು ಎಷ್ಟು ಅನ್ನುವುದೇ ರಿಯಲೈಸೇಶನ್. ಹೋದ ವರ್ಷ ಪ್ರಾಜೆಕ್ಟಿಗೆ ಬಿದ್ದದ್ದು 57,024 ಗಂಟೆ, ಬೆಲೆ ಸುಮಾರು 11.40 ಕೋಟಿ, ಬಂದದ್ದು 10.72. ಅಲ್ಲಿಗೆ 94 ಪರ್ಸೆಂಟ್. ಈ ವರ್ಷ 66,096 ಗಂಟೆ, ಬೆಲೆ 13.22 ಕೋಟಿ, ಬಂದದ್ದು 10.58. ಅಲ್ಲಿಗೆ 80 ಪರ್ಸೆಂಟ್. ಟೈಮ್‌ಶೀಟಿನಲ್ಲಿ ಒಂಬತ್ತು ಸಾವಿರ ಗಂಟೆ ಜಾಸ್ತಿ, ಆದಾಯವಾಗಿ ಬಂದದ್ದು ಹದಿನಾಲ್ಕು ಲಕ್ಷ ಕಡಿಮೆ.

ತಲಾ ಆದಾಯ 17.87 ಲಕ್ಷದಿಂದ 15.56 ಲಕ್ಷಕ್ಕೆ ಬಂದಿದೆ, 2.31 ಲಕ್ಷ ಇಳಿಕೆ. ಇದನ್ನು ಕೊಂಬೆಗಳಿಗೆ ಹಂಚಲು ಪ್ರತಿ ಕೊಂಬೆಯ ಹೊಸ ಅಂಕಿಯನ್ನು ಹಳೆಯದರಿಂದ ಭಾಗಿಸಿ ಲಾಗ್ ತೆಗೆಯಿರಿ (ಎಕ್ಸೆಲ್‌ನಲ್ಲಿ `LN`). ಗುಣಾಕಾರ ಕೂಡಿಕೆಯಾಗುತ್ತದೆ, ಯಾವ ಕೊಂಬೆಯನ್ನು ಮೊದಲು ಬದಲಿಸಿದಿರಿ ಅನ್ನುವ ಜಗಳವಿರುವುದಿಲ್ಲ. ಲಾಗ್‌ಗಳ ಒಟ್ಟು ಮೊತ್ತದಲ್ಲಿ ಪ್ರತಿ ಕೊಂಬೆಯ ಪಾಲು ಎಷ್ಟೋ ಅದರಿಂದ 2.31 ಲಕ್ಷವನ್ನು ಗುಣಿಸಿ. ಆಗ ಬರುವುದು: ಬಿಲ್ಲಬಲ್ ಪಾಲಿನಿಂದ 1.08 ಲಕ್ಷ ನಷ್ಟ, ಯುಟಿಲೈಸೇಶನ್‌ನಿಂದ 1.45 ಲಕ್ಷ ಲಾಭ, ರಿಯಲೈಸೇಶನ್‌ನಿಂದ 2.68 ಲಕ್ಷ ನಷ್ಟ.

ಈ ಚಿತ್ರವನ್ನೇ ಎಂಡಿಯವರ ಮುಂದೆ ಇಟ್ಟರೆ ಅವರು ಎರಡು ಮಾತು ಹೇಳುತ್ತಾರೆ: ಡಿಸೈನ್ ಟೀಮ್ ಭೇಷ್, ಫೀಸ್ ಮಾತಾಡುವವರು ಕೆಡಿಸಿದರು. ಎರಡೂ ತಪ್ಪಾಗಿರಬಹುದು. ನಿಮ್ಮ ಕೆಲಸದಲ್ಲಿ ಬಹುಪಾಲು ಫಿಕ್ಸೆಡ್ ಫೀ ಇರುತ್ತದೆ. ಒಂದು ಅಪಾರ್ಟ್‌ಮೆಂಟಿನ ಸ್ಟ್ರಕ್ಚರಲ್ ಡಿಸೈನಿಗೆ 30 ಲಕ್ಷ ಒಪ್ಪಿಕೊಂಡು 1,500 ಗಂಟೆ ಅಂದಾಜು ಮಾಡಿದ್ದಿರಿ ಅನ್ನಿ. 1,900 ಗಂಟೆ ಹಿಡಿಯಿತು. ಆ 400 ಗಂಟೆ ಯುಟಿಲೈಸೇಶನ್ ಏರಿಸುತ್ತದೆ, ಅಷ್ಟೇ ಲೆಕ್ಕದಲ್ಲಿ ರಿಯಲೈಸೇಶನ್ ಇಳಿಸಿ 79 ಪರ್ಸೆಂಟಿಗೆ ತರುತ್ತದೆ, ಬಿಲ್ ಮಾತ್ರ ಅದೇ 30 ಲಕ್ಷ. ಟ್ರೀಯಲ್ಲಿ ಎರಡು ಬೇರೆ ಕೊಂಬೆಗಳಂತೆ ಕಾಣುವ ಇವು ಫಿಕ್ಸೆಡ್ ಫೀ ಕೆಲಸದಲ್ಲಿ ತಕ್ಕಡಿಯ ಎರಡು ತಟ್ಟೆ. ಹಾಗಾಗಿ ಯುಟಿಲೈಸೇಶನ್, ದರ, ರಿಯಲೈಸೇಶನ್ ಮೂರನ್ನೂ ಗುಣಿಸಿ ಮಧ್ಯದಲ್ಲಿ ಒಂದು ಗಂಟು ಇಡಿ: ಲಭ್ಯವಿರುವ ಪ್ರತಿ ಗಂಟೆಗೆ ಬಂದ ಆದಾಯ. ನಿಮ್ಮ ಲೆಕ್ಕದಲ್ಲಿ ಅದು 1,241 ರೂಪಾಯಿಯಿಂದ 1,153ಕ್ಕೆ ಇಳಿದಿದೆ, ಏಳು ಪರ್ಸೆಂಟ್ ಚಿಲ್ಲರೆ. 2.31 ಲಕ್ಷದಲ್ಲಿ ಇದರ ಪಾಲು 1.23 ಲಕ್ಷ ಮಾತ್ರ. ಉಳಿದ 1.08 ಲಕ್ಷ ಬಿಲ್ಲಬಲ್ ಅಲ್ಲದವರು 12ರಿಂದ 17ಕ್ಕೆ ಏರಿದ್ದರಿಂದ. ಮೊದಲ ಚಿತ್ರದಲ್ಲಿ ಮೂಲೆಗೆ ಬಿದ್ದಿದ್ದ ಕೊಂಬೆ ಈಗ ಹತ್ತಿರ ಹತ್ತಿರ ಅರ್ಧ ಕಾರಣ. ಆ ಐದು ಜನ ಯಾರು ನೋಡಿ. ಹೊಸ ಟೆಂಡರ್ ಟೀಮ್ ಆಗಿದ್ದರೆ ಫಲ ಮುಂದಿನ ವರ್ಷ ಕಾಣಬಹುದು. ಬಿಲ್ ಆಗುತ್ತಿದ್ದ ಹಿರಿಯ ಎಂಜಿನಿಯರನ್ನೇ ಮ್ಯಾನೇಜರ್ ಮಾಡಿ ಕೂರಿಸಿದ್ದರೆ ಅದು ಬೇರೆ ಮಾತು.

ಗಂಟಿನ ಕೆಳಗೆ ರಿಯಲೈಸೇಶನ್ನನ್ನು ಇನ್ನೂ ಎರಡಾಗಿ ಒಡೆಯಿರಿ. ಒಂದು, ಸಹಿ ಹಾಕುವಾಗಲೇ ಬಿಟ್ಟುಕೊಟ್ಟದ್ದು: ಒಪ್ಪಿದ ಫೀಸನ್ನು ಅಂದಾಜು ಗಂಟೆಗಳ ಸ್ಟ್ಯಾಂಡರ್ಡ್ ಬೆಲೆಯಿಂದ ಭಾಗಿಸಿ. ಇನ್ನೊಂದು, ಕೆಲಸ ಮಾಡುವಾಗ ಸೋರಿದ್ದು: ಅಂದಾಜು ಗಂಟೆಯನ್ನು ನಿಜವಾಗಿ ಹಿಡಿದ ಗಂಟೆಯಿಂದ ಭಾಗಿಸಿ. ಉದಾಹರಣೆಗೆ ಮೊದಲನೆಯದು ಎರಡೂ ವರ್ಷ 0.96 ಇದ್ದು, ಎರಡನೆಯದು 0.98ರಿಂದ 0.83ಕ್ಕೆ ಬಿದ್ದಿದ್ದರೆ, ರಿಯಾಯಿತಿ ಕೊಟ್ಟವರ ಮೇಲೆ ರೇಗಿ ಪ್ರಯೋಜನವಿಲ್ಲ. ಒಂದೋ ಅಂದಾಜೇ ಕಡಿಮೆಯಿತ್ತು, ಇಲ್ಲವೇ ಡ್ರಾಯಿಂಗ್ ಅಪ್ರೂವ್ ಆದಮೇಲೂ ಆರ್ಕಿಟೆಕ್ಟ್ ಕಾಲಮ್ ಸರಿಸುತ್ತಾ ಹೋದರು, ನಮ್ಮವರು ಹೆಚ್ಚುವರಿ ಫೀಸ್ ಕೇಳದೆ ತಿದ್ದಿಕೊಡುತ್ತಾ ಹೋದರು. ಎರಡನ್ನೂ ಬೇರೆ ಮಾಡಲು ಟೈಮ್‌ಶೀಟಿನಲ್ಲಿ ಅಪ್ರೂವಲ್ ನಂತರದ ರಿವಿಷನ್‌ಗೆ ಒಂದು ಪ್ರತ್ಯೇಕ ಕೋಡ್ ಸಾಕು. ಡ್ರಾಯಿಂಗ್ ರಿಜಿಸ್ಟರಿನಲ್ಲಿ ರಿವಿಷನ್ ನಂಬರ್ ಹೇಗೂ ಇರುತ್ತದೆ, ತಾಳೆ ನೋಡಬಹುದು.

ಇದಕ್ಕಿಂತ ಮುಜುಗರದ ಮೂರನೇ ಸಾಧ್ಯತೆಯೂ ಇದೆ. ಬೋನಸ್ಸನ್ನು ಯುಟಿಲೈಸೇಶನ್‌ಗೆ ಕಟ್ಟಿದ್ದೀರಾ? ಕಟ್ಟಿದ್ದರೆ ಕೆಲಸವಿಲ್ಲದೆ ಬೆಂಚಿನಲ್ಲಿ ಕಳೆದ ಗಂಟೆಗಳು ಯಾವುದಾದರೂ ತೆರೆದಿರುವ ಪ್ರಾಜೆಕ್ಟಿನ ಖಾತೆಗೆ ಹೋಗಿ ಕೂತಿರುತ್ತವೆ. ಗುರುತು ಹಿಡಿಯುವುದು ಕಷ್ಟವಲ್ಲ: ಕೊನೆಯ ಡ್ರಾಯಿಂಗ್ ಕೊಟ್ಟಾದ ಮೇಲೂ ಆ ಪ್ರಾಜೆಕ್ಟಿಗೆ ಗಂಟೆ ಬೀಳುತ್ತಿರುತ್ತದೆ, ತಿಂಗಳ ಕೊನೆಯಲ್ಲಿ ದಿನಕ್ಕೆ ಸರಿಯಾಗಿ ಎಂಟೆಂಟು ಗಂಟೆ ಒಟ್ಟಿಗೆ ತುಂಬಿರುತ್ತದೆ, ಬೆಂಚ್ ಕೋಡ್ ಖಾಲಿ ಹೊಡೆಯುತ್ತಿರುತ್ತದೆ. ಹೀಗಿದ್ದರೆ ಯುಟಿಲೈಸೇಶನ್‌ನ ಆ ಆರು ಪಾಯಿಂಟ್ ಏರಿಕೆಯಲ್ಲಿ ಎಷ್ಟು ನಿಜ ಅನ್ನುವುದೇ ಪ್ರಶ್ನೆ, ಮತ್ತು ಮುಂದಿನ ಫೀಸಿಗೆ ಈ ಗಂಟೆಗಳನ್ನೇ ಆಧಾರವಾಗಿ ಹಿಡಿದರೆ ಕೋಟ್ ದುಬಾರಿಯಾಗಿ ಕೆಲಸವೇ ಕೈತಪ್ಪುತ್ತದೆ.

ಎಂಡಿಯವರಿಗೆ ಕೊಡುವಾಗ ಈ ಟ್ರೀಯ ಪಕ್ಕದಲ್ಲಿ ಸಂಬಳದ ಪ್ರತಿ ರೂಪಾಯಿಗೆ ಬಂದ ಆದಾಯವನ್ನೂ ಹಾಕಿ. ವರ್ಷಕ್ಕೆ 9 ಲಕ್ಷ ಗಳಿಸಿಕೊಡುವ, 5 ಲಕ್ಷ ಖರ್ಚಿನ ಜೂನಿಯರ್ ಒಬ್ಬರನ್ನು ತೆಗೆದರೆ ಆ ಗಳಿಕೆ ನಿಮ್ಮ 15.56ರ ಸರಾಸರಿಗಿಂತ ಕೆಳಗಿರುವ ಕಾರಣ ತಲಾ ಆದಾಯ ಏರುತ್ತದೆ, ಸಂಸ್ಥೆಯ ಕೈಯಿಂದ ಮಾತ್ರ 4 ಲಕ್ಷ ಹೋಗುತ್ತದೆ. ಈ ಅಂಕಿಯೊಂದನ್ನೇ ಗುರಿ ಮಾಡಿಕೊಂಡರೆ ಮೊದಲು ಬರುವ ಸಲಹೆಯೇ ಅದು.