ಒಂದು ಲಕ್ಷಕ್ಕೆ ಎಷ್ಟು ಕಂಪನಿಗಳ ಷೇರು?

ಪ್ರಶ್ನೆ: ತೀರ್ಥಹಳ್ಳಿಯವನು. ಅಡಿಕೆ ಮಾರಿದ ಹಣದಲ್ಲಿ 1 ಲಕ್ಷ ರೂಪಾಯಿಗೆ 40 ಕಂಪನಿಗಳ ಷೇರು ಕೊಂಡಿದ್ದೇನೆ, ತಲಾ 2,500ರಂತೆ. ಇದು ಹೆಚ್ಚಾಯಿತೇ?

ಉತ್ತರ: ಹೌದು, ಈ ಮೊತ್ತಕ್ಕೆ ಬೇರೆ ಬೇರೆ ಉದ್ಯಮಗಳ 10ರಿಂದ 15 ಕಂಪನಿಗಳು ಸಾಕು ಎಂಬುದು ನನ್ನ ಅಭಿಪ್ರಾಯ.

ಷೇರು ಮಾರಿದಾಗ ಡಿಮ್ಯಾಟ್ ಖಾತೆಯಿಂದ ಕಡಿತವಾಗುವ ಡಿಪಿ ಶುಲ್ಕವು ಸಾಮಾನ್ಯವಾಗಿ ಷೇರುಗಳ ಸಂಖ್ಯೆಯನ್ನು ನೋಡುವುದಿಲ್ಲ. ಒಂದು ಕಂಪನಿಯ ಷೇರನ್ನು ಒಂದು ದಿನ ಎಷ್ಟೇ ಮಾರಿದರೂ ಒಂದೇ ಮೊತ್ತ. ಅದನ್ನು ತೆರಿಗೆ ಸೇರಿ 18 ರೂಪಾಯಿ ಎಂದು ಹಿಡಿದರೆ, 40 ಕಂಪನಿಗಳನ್ನೂ ಮಾರಲು 720 ರೂಪಾಯಿ ಬೇಕು, 10 ಕಂಪನಿಗಳಿದ್ದರೆ 180 ಸಾಕು. ತುರ್ತಿಗೆಂದು ಒಂದು ಕಂಪನಿಯಲ್ಲಿ 500 ರೂಪಾಯಿಯಷ್ಟೇ ಮಾರಿದರೆ ಶೇ 3.6ರಷ್ಟು ಶುಲ್ಕಕ್ಕೇ ಹೋಗುತ್ತದೆ. ಈ ಕಡಿತ ಮಾರಾಟದ ಬೆಲೆಯಲ್ಲಿ ಕಾಣುವುದಿಲ್ಲ, ಖಾತೆಯ ಲೆಡ್ಜರ್‌ನಲ್ಲಿ ಮಾತ್ರ ಕಾಣುತ್ತದೆ. ಒಮ್ಮೆ ತೆರೆದು ನೋಡಿ.

ಇದಕ್ಕಿಂತ ದೊಡ್ಡ ವೆಚ್ಚ ಗಮನದ್ದು. ಕಂಪನಿಗಳು ಮೂರು ತಿಂಗಳಿಗೊಮ್ಮೆ ಫಲಿತಾಂಶ ಪ್ರಕಟಿಸುವುದರಿಂದ ನೀವು ವರ್ಷಕ್ಕೆ 160 ವರದಿ ಓದಬೇಕಾಗುತ್ತದೆ, ಕೊಯ್ಲಿನ ದಿನಗಳಲ್ಲಂತೂ ಅದು ಆಗದ ಮಾತು. ಅಷ್ಟು ಓದಿ ಆರಿಸಿದ ಒಂದು ಷೇರು ಇಮ್ಮಡಿಯಾದರೂ ಒಟ್ಟು ಹಣ ಬೆಳೆಯುವುದು ಶೇ 2.5 ಮಾತ್ರ. ಹಲವು ಕಂಪನಿಗಳಲ್ಲಿ ಹಣ ಹರಡುವುದೇ ಉದ್ದೇಶವಾದರೆ ನಿಫ್ಟಿ 50 ಸೂಚ್ಯಂಕ ನಿಧಿಯೊಂದೇ ಆ ಕೆಲಸವನ್ನು ಕಡಿಮೆ ಖರ್ಚಿನಲ್ಲಿ ಮಾಡುತ್ತದೆ.