ಶುಗರ್ ಇರುವ ಅಮ್ಮನ ಹಿಮ್ಮಡಿ ಒಡೆದಿದೆ, ನೋವು ಮಾತ್ರ ನಿಂತಿದೆ

ಪ್ರಶ್ನೆ: ಅಮ್ಮನಿಗೆ 58 ವರ್ಷ, 11 ವರ್ಷದಿಂದ ಶುಗರ್ ಇದೆ. ಚಳ್ಳಕೆರೆ ಕಡೆ ಊರು. ದೀಪಾವಳಿ ಕಳೆದ ಮೇಲೆ ಹಿಮ್ಮಡಿ ಒಡೆದು ರಕ್ತ ಬರ್ತಿತ್ತು. ದಿನಾ ರಾತ್ರಿ ಬಿಸಿನೀರಿಗೆ ಕಲ್ಲುಪ್ಪು ಹಾಕಿ ಅರ್ಧ ಗಂಟೆ ಕಾಲು ಇಟ್ಕೊಂಡು ಕೂರ್ತಾರೆ. ಬಿರುಕು ಹಾಗೇ ಇದೆ, ನೋವು ಮಾತ್ರ ಇಲ್ಲ ಅಂತಾರೆ. ಹೀಗೇ ಮುಂದುವರಿಸಬಹುದಾ?

ಬೇಡ. ಇವತ್ತು ರಾತ್ರಿಯಿಂದಲೇ ಆ ಬಿಸಿನೀರಿನ ಬಕೆಟ್ ಎತ್ತಿಡಿ. ಬಿರುಕು ಹಾಗೇ ಇದ್ದು ನೋವು ಮಾತ್ರ ಹೋಗಿದೆ ಅಂದಿರಲ್ಲ, ನನಗೆ ಗಾಬರಿಯಾದದ್ದು ಅಲ್ಲೇ.

ನಾನು ದಾವಣಗೆರೆಯಲ್ಲಿ 14 ವರ್ಷದಿಂದ ನರ್ಸ್. ಅದರಲ್ಲಿ ಹೆಚ್ಚಿನ ಕಾಲ ಡ್ರೆಸಿಂಗ್ ರೂಮಿನಲ್ಲೇ ಕಳೆದಿದ್ದೇನೆ. ಆದರೂ ಈ ಪಾಠ ಕಲಿತದ್ದು ಮನೆಯಲ್ಲಿ, ನಮ್ಮ ಸೋದರಮಾವನ ಕಾಲಿನಿಂದ. ಅವರದು ಹಿರಿಯೂರು ಕಡೆ ಹೊಲ, ಹಳೇ ಶುಗರ್. ಒಂದು ಜನವರಿಯಲ್ಲಿ ಮದುವೆಗೆಂದು ನಮ್ಮ ಮನೆಗೆ ಬಂದಿದ್ದರು. ಬೆಳಿಗ್ಗೆ ಹಾಸಿಗೆ ಮಡಚುವಾಗ ಬೆಡ್‌ಶೀಟಿನ ಕಾಲುಗಡೆ ಹಳದಿ ಕಲೆ ಕಂಡಿತು. ಕಾಲು ತಿರುಗಿಸಿ ನೋಡಿದರೆ ಹಿಮ್ಮಡಿಯ ಬಿರುಕಿನೊಳಗೆ ಸೀಮೆಜಾಲಿ ಮುಳ್ಳು, ಹೆಚ್ಚುಕಡಿಮೆ ಅರ್ಧ ಇಂಚು. ಸುತ್ತಲಿನ ಚರ್ಮ ಬಿಳುಚಿ ಮೆತ್ತಗಾಗಿ ವಾಸನೆ ಬರುತ್ತಿತ್ತು. ಯಾವಾಗ ಚುಚ್ಚಿತು ಅಂತ ಕೇಳಿದರೆ ಅವರಿಗೆ ಗೊತ್ತೇ ಇಲ್ಲ. ಹಿಂದಿನ ದಿನವೆಲ್ಲ ಅದೇ ಕಾಲಲ್ಲಿ ಛತ್ರದ ತುಂಬಾ ಓಡಾಡಿದ್ದರು! ಅವರೂ ಅಷ್ಟೇ, ಒಂದು ತಿಂಗಳಿಂದ ಬಿಸಿನೀರು ಉಪ್ಪು ಮಾಡುತ್ತಿದ್ದವರು. "ಈಗ ಉರಿ ಇಲ್ಲಮ್ಮ, ವಾಸಿ ಆಗ್ತಾ ಇದೆ" ಅನ್ನುತ್ತಿದ್ದರು.

ಸಕ್ಕರೆ ಬಹಳ ವರ್ಷ ಹಿಡಿತ ತಪ್ಪಿದ್ದರೆ ಪಾದದ ನರಗಳು ಎರಡು ಕೆಲಸ ಬಿಡುತ್ತವೆ. ಒಂದು, ನೋವು ಮತ್ತು ಬಿಸಿಯ ಸುದ್ದಿ ಮುಟ್ಟಿಸುವುದು. ಇನ್ನೊಂದು, ಬೆವರು ಹರಿಸುವುದು. ಅಂಗಾಲಿನಲ್ಲಿ ಎಣ್ಣೆ ಗ್ರಂಥಿಗಳು ಯಾರಿಗೂ ಇಲ್ಲ, ಅಲ್ಲಿ ತೇವ ಕೊಡುವುದು ಬೆವರೇ. ಅದೂ ನಿಂತರೆ ನಮ್ಮ ದುರ್ಗದ ಒಣಗಾಳಿಯಲ್ಲಿ ಹಿಮ್ಮಡಿ ಕಟಕ್ ರೊಟ್ಟಿಯಾಗುತ್ತದೆ. ಬಿಸಿಬಿಸಿ ರೊಟ್ಟಿ ಮಡಚಿದರೆ ಮಡಚಿಕೊಳ್ಳುತ್ತದೆ, ಕಟಕ್ ರೊಟ್ಟಿ ಮುರಿಯುತ್ತದೆ. ನಿಂತಾಗ ಮೈಭಾರಕ್ಕೆ ಹಿಮ್ಮಡಿಯ ಕೊಬ್ಬು ಪಕ್ಕಕ್ಕೆ ಹರಡುತ್ತದೆ. ಅಂಚಿನ ದಪ್ಪ ಚರ್ಮಕ್ಕೆ ಅದರ ಜೊತೆ ಹಿಗ್ಗಲು ಆಗದೆ ಸೀಳುತ್ತದೆ. ಹಿಂಬದಿ ತೆರೆದ ಹವಾಯಿ ಚಪ್ಪಲಿಯಲ್ಲಿ, ಬರಿಗಾಲಲ್ಲಿ ಇದು ಇನ್ನೂ ಜಾಸ್ತಿ.

ಅರ್ಧ ಗಂಟೆ ನೀರಲ್ಲಿಟ್ಟರೆ ಚರ್ಮ ಮೆತ್ತಗಾಗುವುದು ನಿಜ. ಆದರೆ ಹೊರಗೆ ತೆಗೆದ ಮೇಲೆ ಆ ನೀರು ಆರುತ್ತಾ ಚರ್ಮವನ್ನು ಮೊದಲಿಗಿಂತ ಒಣಗಿಸುತ್ತದೆ, ಉಪ್ಪು ಅದಕ್ಕೆ ಕೈಜೋಡಿಸುತ್ತದೆ. ಬಿಸಿ ಗೊತ್ತಾಗದ ಕಾಲಿಗೆ ಬೊಬ್ಬೆಯೂ ಬರಬಹುದು. ಸುಟ್ಟದ್ದು ತಿಳಿಯುವುದು ಮರುದಿನ ಕಣ್ಣಿಗೆ ಕಂಡಾಗಲೇ.

ಅಮ್ಮನಿಗೆ ಸ್ಪರ್ಶ ಉಳಿದಿದೆಯೇ ಅಂತ ನೀವೇ ಮನೆಯಲ್ಲಿ ಒಂದು ಅಂದಾಜು ನೋಡಬಹುದು. ಅವರನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿ, ಕಣ್ಣು ಮುಚ್ಚಲು ಹೇಳಿ. ನಿಮ್ಮ ತೋರುಬೆರಳ ತುದಿಯಿಂದ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಗಳನ್ನು ಒಂದೊಂದಾಗಿ, ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಒತ್ತಬೇಡಿ, ಸವರಬೇಡಿ. ಮುಟ್ಟಿದ್ದು ಗೊತ್ತಾದಾಗ ಎಡ, ಬಲ ಅಂತ ಹೇಳಲಿ. ಎರಡೂ ಕಾಲಿಂದ ಒಟ್ಟು 6 ಜಾಗ. ಅದರಲ್ಲಿ 2 ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಅಂತಲೇ ಲೆಕ್ಕ. ತಪ್ಪಿದ ಜಾಗವನ್ನು "ಇನ್ನೊಂದ್ಸಲ ನೋಡೋಣ" ಅಂತ ಮತ್ತೆ ಮುಟ್ಟಬಾರದು. ಎಲ್ಲ ಸರಿಯಾಗಿ ಹೇಳಿದರೂ ಶುಗರ್ ಇದ್ದು ರಕ್ತ ಬಂದ ಬಿರುಕು ಅಂದಮೇಲೆ ಈ ವಾರದಲ್ಲೇ ಡಾಕ್ಟರಿಗೆ ತೋರಿಸಿ. ತಾಲ್ಲೂಕು ಆಸ್ಪತ್ರೆ ಸಾಕು. ಕಾಲಿನ ನಾಡಿಯನ್ನೂ ನೋಡಲು ಕೇಳಿ, ರಕ್ತ ಓಡಾಟ ಕಡಿಮೆ ಇದ್ದರೆ ಯಾವ ಕ್ರೀಮಿಗೂ ಬಿರುಕು ಕೂಡುವುದಿಲ್ಲ.

ಅಲ್ಲಿಯವರೆಗೆ ಮನೆಯಲ್ಲಿ ಹೀಗೆ ಮಾಡಿ. ಉಗುರುಬೆಚ್ಚಗಿನ ನೀರಲ್ಲಿ ಕಾಲು ತೊಳೆಯಿರಿ, ನೆನೆಸಬೇಡಿ. ನೀರಿನ ಬಿಸಿಯನ್ನು ನಿಮ್ಮ ಮೊಣಕೈ ಅದ್ದಿ ನೋಡಿ, ಅವರ ಕಾಲನ್ನು ನಂಬಬೇಡಿ. ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಬೆರಳ ಸಂದಿಯನ್ನು ಮರೆಯದೆ ಒಣಗಿಸಿ. ಬಿರುಕು ಬಾಯಿ ತೆರೆದು ಒಳಗೆ ಕೆಂಪು ಕಾಣುತ್ತಿದ್ದರೆ ಅದಕ್ಕೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಶುದ್ಧ ಗಾಜ್ ಬಟ್ಟೆ ಇಟ್ಟು ಹತ್ತಿಯ ಕಾಲುಚೀಲ ಹಾಕಿ. ಬಾಯಿ ಕೂಡಿದ ಮೇಲೆ 10 ಪರ್ಸೆಂಟ್ ಯೂರಿಯಾ ಇರುವ ಕ್ರೀಮು ದಿನಕ್ಕೆ ಎರಡು ಸಲ ಹಚ್ಚಬಹುದು. ತೆರೆದ ಗಾಯಕ್ಕೆ ಅದು ಉರಿಯುತ್ತದೆ. ಬೆರಳ ಸಂದಿಗೆ ಯಾವ ಕ್ರೀಮೂ ಬೇಡ, ಅಲ್ಲಿ ತೇವ ನಿಂತರೆ ಫಂಗಸ್ ಬರುತ್ತದೆ. ಮನೆಯೊಳಗೂ ಚಪ್ಪಲಿ ಇರಲಿ, ಹಾಕಿಕೊಳ್ಳುವ ಮುಂಚೆ ಒಮ್ಮೆ ಕೊಡವಲಿ.

ಬಟ್ಟೆ ಒಗೆಯುವ ಕಲ್ಲಿಗೆ ಹಿಮ್ಮಡಿ ಉಜ್ಜುವುದು, ಬ್ಲೇಡಿನಲ್ಲಿ ಸವರುವುದು, ಕರಗಿಸಿದ ಮೇಣ ಬಿರುಕಿಗೆ ಬಿಡುವುದು, ಆಣಿಗೆ ಅಂಟಿಸುವ ಪಟ್ಟಿ ಹಾಕುವುದು, ಇವು ಯಾವುವೂ ಅಮ್ಮನ ಕಾಲಿಗೆ ಬೇಡ. ಆ ಪಟ್ಟಿಯಲ್ಲಿರುವ ಆಮ್ಲ ದಪ್ಪ ಚರ್ಮದ ಜೊತೆ ಒಳ್ಳೆಯ ಚರ್ಮವನ್ನೂ ತಿನ್ನುತ್ತದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ತಪ್ಪಿಲ್ಲ, ಆದರೆ ಕಾಲು ಒಣಗಿದ ಮೇಲೆ ಹಚ್ಚಿದರೆ ಪ್ರಯೋಜನ ಕಡಿಮೆ. ತೊಳೆದು ಒರೆಸಿದ ಎರಡು ಮೂರು ನಿಮಿಷದೊಳಗೆ, ಚರ್ಮದಲ್ಲಿ ಸ್ವಲ್ಪ ಹಸಿ ಇರುವಾಗ ಹಚ್ಚಬೇಕು. ಕ್ರೀಮಿಗೂ ಅದೇ ಮಾತು.

ಶುಗರ್ ಇಲ್ಲದ, ಕಾಲಿನ ಸ್ಪರ್ಶ ಚೆನ್ನಾಗಿರುವ ನಿಮಗೇ ಹಿಮ್ಮಡಿ ಒಡೆದಿದ್ದರೆ ಮಾತು ಬೇರೆ. ಬೆಚ್ಚಗಿನ ನೀರಲ್ಲಿ 10 ನಿಮಿಷ ನೆನೆಸಿ, ಕಾಲುಜ್ಜುವ ಕಲ್ಲಿನಿಂದ ಒಂದೇ ದಿಕ್ಕಿಗೆ ಹಗುರವಾಗಿ ಉಜ್ಜಿ, ತಕ್ಷಣ ಕ್ರೀಮು ಹಚ್ಚಿ ಕಾಲುಚೀಲ ಹಾಕಿ ಮಲಗಿ. ನೆನೆಸುವುದು, ಉಜ್ಜುವುದು ವಾರಕ್ಕೆರಡು ಸಲ ಸಾಕು, ಕ್ರೀಮು ಮಾತ್ರ ದಿನಾ. ಮೂರು ನಾಲ್ಕು ವಾರಕ್ಕೂ ಬಗ್ಗದಿದ್ದರೆ, ಅಥವಾ ಒಂದೇ ಕಾಲಲ್ಲಿ ಹಿಟ್ಟು ಉದುರಿದ ಹಾಗೆ ಹೊಟ್ಟು ಏಳುತ್ತಿದ್ದರೆ ಅದು ಫಂಗಸ್ ಇರಬಹುದು, ಚರ್ಮದ ಡಾಕ್ಟರಿಗೆ ತೋರಿಸಿ.

ಅಮ್ಮನ ವಿಷಯದಲ್ಲಿ ಅದೇ ದಿನ ಆಸ್ಪತ್ರೆಗೆ ಹೊರಡಬೇಕಾದ ಹೊತ್ತು ಯಾವುದೆಂದರೆ, ಬಿರುಕಿನ ಸುತ್ತ ಕೆಂಪು ಹರಡಿದಾಗ, ಒಂದು ಕಾಲು ಇನ್ನೊಂದಕ್ಕಿಂತ ಬಿಸಿಯಾಗಿ ಊದಿಕೊಂಡಾಗ, ಕೀವು, ವಾಸನೆ ಅಥವಾ ಕಪ್ಪು ಕಂಡಾಗ, ಜ್ವರ ಬಂದಾಗ. ಊಟ ಮಾತ್ರೆ ಎಲ್ಲ ಸರಿಯಿದ್ದೂ ಶುಗರ್ ಏಕಾಏಕಿ ಏರಿದರೆ ಆಗಲೂ ಮೊದಲು ಕಾಲು ನೋಡಿ.

ಮಾವನಿಗೆ ಅವತ್ತೇ ಎಕ್ಸ್‌ರೇ ತೆಗೆಸಿದೆವು, ಮೂಳೆಗೆ ಮುಟ್ಟಿರಲಿಲ್ಲ. ಸತ್ತ ಚರ್ಮ ಕತ್ತರಿಸಿ ತೆಗೆದು ಆಂಟಿಬಯಾಟಿಕ್ ಕೊಟ್ಟರು. ಆದರೂ ಮೂರು ವಾರ ಗಾಯ ಒಂದಿಷ್ಟೂ ಕೂಡಲಿಲ್ಲ. ಕೇಳಿದರೆ, ದಿನಾ ಬೆಳಿಗ್ಗೆ ಬ್ಯಾಂಡೇಜ್ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿಕೊಂಡು ಮೋಟಾರ್ ಹಾಕಲು ಹೊಲಕ್ಕೆ ಹೋಗಿಬರುತ್ತಿದ್ದರಂತೆ. ನೋವೇ ಇಲ್ಲದವರನ್ನು ಕೂರಿಸುವುದು ಹೇಗೆ? ಹಿಮ್ಮಡಿ ನೆಲಕ್ಕೆ ತಾಗದ ಚಪ್ಪಲಿ ಮಾಡಿಸಿ, ಮೋಟಾರ್ ಹಾಕುವ ಕೆಲಸ ಮಗನಿಗೆ ವಹಿಸಿದ ಮೇಲೆ ಇನ್ನೂ ನಾಲ್ಕು ವಾರ ಹಿಡಿಯಿತು. ಈಗ ಪ್ರತಿ ರಾತ್ರಿ ಅತ್ತೆ ಮೊಬೈಲ್ ಟಾರ್ಚ್ ಹಿಡಿದು ಅವರ ಎರಡೂ ಅಂಗಾಲು ನೋಡಿಯೇ ದೀಪ ಆರಿಸುವುದು. ಅಮ್ಮನಿಗೆ ಬಗ್ಗಿ ನೋಡಿಕೊಳ್ಳಲು ಆಗದಿದ್ದರೆ ಆ ಕೆಲಸ ನೀವು ಇಟ್ಟುಕೊಳ್ಳಿ.